ಹೆಚ್ಚುವರಿ ಗಾಳಿ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗುತ್ತಾ?

ಪ್ರಶ್ನೆ: 22 ಕೆಜಿ ಪ್ರೊಪೇನ್ ಅನ್ನು 20% ಹೆಚ್ಚುವರಿ ಗಾಳಿಯಲ್ಲಿ ಉರಿಸಿದರೆ ಎಷ್ಟು ಕೆಜಿ ಗಾಳಿ ಬೇಕು? ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೂ ಆ 20% ಸೇರಿಸಬೇಕಾ?

ಸೇರಿಸಬೇಡಿ. ಕಾರ್ಬನ್ ಬರುವುದು ಇಂಧನದಿಂದ. ಗಾಳಿ ಎಷ್ಟೇ ಜಾಸ್ತಿ ಕೊಟ್ಟರೂ 22 ಕೆಜಿ ಪ್ರೊಪೇನ್‌ನಲ್ಲಿರುವ ಕಾರ್ಬನ್ ಅಷ್ಟೇ ಇರುತ್ತದೆ, ಅಲ್ವಾ?

ಮೊದಲು ಸಮೀಕರಣ ಬರೆಯಿರಿ:

C₃H₈ + 5O₂ → 3CO₂ + 4H₂O

ಇದನ್ನು ತೂಕದಲ್ಲಿ ಓದಿದರೆ, 44 ಕೆಜಿ ಪ್ರೊಪೇನ್‌ಗೆ 160 ಕೆಜಿ ಆಕ್ಸಿಜನ್ ಬೇಕು, 132 ಕೆಜಿ ಕಾರ್ಬನ್ ಡೈಆಕ್ಸೈಡ್ ಮತ್ತು 72 ಕೆಜಿ ನೀರು ಬರುತ್ತವೆ. ನಿಮ್ಮದು 22 ಕೆಜಿ, ಅಂದರೆ ಎಲ್ಲವೂ ಅರ್ಧ. ಆಕ್ಸಿಜನ್ 80 ಕೆಜಿ, ಕಾರ್ಬನ್ ಡೈಆಕ್ಸೈಡ್ 66 ಕೆಜಿ, ನೀರು 36 ಕೆಜಿ.

ಈಗ ಗಾಳಿ. ಬಹಳ ಜನ ಎಡವುವುದು ಇಲ್ಲೇ. ಗಾಳಿಯಲ್ಲಿ ಆಕ್ಸಿಜನ್ 21% ಅನ್ನುವುದು ಗಾತ್ರದ ಲೆಕ್ಕ. ತೂಕದಲ್ಲಿ ನೋಡಿದರೆ ಅದು ಸುಮಾರು 23.2%, ಯಾಕೆಂದರೆ ಆಕ್ಸಿಜನ್ ಅಣು ನೈಟ್ರೋಜನ್ ಅಣುವಿಗಿಂತ ಭಾರ. ನೀವು ಕೆಜಿಯಲ್ಲಿ ಲೆಕ್ಕ ಮಾಡುತ್ತಿದ್ದೀರಿ, ಹಾಗಾಗಿ 80 ÷ 0.232 = 345 ಕೆಜಿ ಗಾಳಿ. ಇದಕ್ಕೆ 20% ಸೇರಿಸಿದರೆ 414 ಕೆಜಿ. ಸುಮ್ನೆ 0.21ರಿಂದ ಭಾಗಿಸಿದ್ದರೆ 457 ಬರುತ್ತಿತ್ತು, ಅದು ಸುಮಾರು 10% ಜಾಸ್ತಿ. ಮೋಲ್‌ನಲ್ಲಿ ಲೆಕ್ಕ ಮಾಡುವಾಗ ಮಾತ್ರ 0.21 ಬಳಸಿ.

ಉತ್ತರ ಸರಿಯಿದೆಯಾ ಅಂತ ನಾನು ಯಾವಾಗಲೂ ತೂಕ ಕೂಡಿಸಿ ನೋಡುತ್ತೇನೆ. ಒಳಗೆ ಹೋಗಿದ್ದು 22 + 414 = 436 ಕೆಜಿ. ಹೊರಗೆ ಬಂದಿದ್ದು ಕಾರ್ಬನ್ ಡೈಆಕ್ಸೈಡ್ 66, ನೀರು 36, ಉರಿಯದೆ ಉಳಿದ ಆಕ್ಸಿಜನ್ 16, ಮಿಕ್ಕ 318 ನೈಟ್ರೋಜನ್ (ಆರ್ಗಾನ್ ಕೂಡ ಇದರಲ್ಲೇ ಸೇರಿದೆ). ಒಟ್ಟು 436. ತಾಳೆ ಆಯಿತು.

ನಿಮ್ಮ ಗೊಂದಲಕ್ಕೆ ಬಹುಶಃ ಇನ್ನೊಂದು ಕಾರಣವೂ ಇದೆ. ಹೊಗೆಯನ್ನು ಅಳೆಯುವ ಅನಲೈಸರ್ ಕೆಜಿ ತೋರಿಸುವುದಿಲ್ಲ, ಶೇಕಡಾ ತೋರಿಸುತ್ತದೆ. ನೀರಾವಿ ಬಿಟ್ಟು ಲೆಕ್ಕ ಹಾಕಿದರೆ, ಹೆಚ್ಚುವರಿ ಗಾಳಿ ಇಲ್ಲದಾಗ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 13.8% ಇರುತ್ತದೆ. 20% ಹೆಚ್ಚುವರಿ ಗಾಳಿ ಕೊಟ್ಟಾಗ ಅದು 11.3%ಗೆ ಇಳಿಯುತ್ತದೆ, ಆಕ್ಸಿಜನ್ 3.8% ಕಾಣಿಸುತ್ತದೆ. ಶೇಕಡಾ ಇಳಿಯಿತು ಅಂತ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗಿಲ್ಲ. ಅದೇ 66 ಕೆಜಿ ಹೆಚ್ಚು ಗಾಳಿಯಲ್ಲಿ ಹರಡಿದೆ, ಅಷ್ಟೇ.

ಇದೆಲ್ಲ ಪೂರ್ತಿ ಉರಿದರೆ ಮಾತ್ರ. ಗಾಳಿ ಸರಿಯಾಗಿ ಬೆರೆಯದಿದ್ದರೆ, ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೂ ಕಾರ್ಬನ್ ಮೊನಾಕ್ಸೈಡ್ ಬರಬಹುದು. ಅನಲೈಸರ್‌ನಲ್ಲಿ ಅದು ಏರುತ್ತಿದ್ದರೆ ಕಾರ್ಬನ್ ಡೈಆಕ್ಸೈಡ್ 66 ಕೆಜಿಗಿಂತ ಸ್ವಲ್ಪ ಕಮ್ಮಿ ಆಗಿರುತ್ತದೆ, ಆಗ ಮೊದಲು ಬರ್ನರ್ ನೋಡಿಸಿ.