ಅರ್ಧ ಅಂಕ, ಅರ್ಧ ವೋಟು: ಲೆಕ್ಕ ಎಲ್ಲಿ ತಿರುಗುತ್ತದೆ?

‘ಸಂಪಾದಕರೇ, ನಮ್ಮೂರ ಹುಡುಗಿ ಹಾಡಿನ ಷೋನಲ್ಲಿ ಆ ವಾರ ತೀರ್ಪುಗಾರರಿಂದ ಎಲ್ಲರಿಗಿಂತ ಹೆಚ್ಚು ಅಂಕ ತಗೊಂಡಳು. ಜಯದೇವ ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿದ್ರು, ನಮ್ಮ ಮನೆಯವರೆಲ್ಲ ವೋಟ್ ಮಾಡಿದ್ವಿ. ಆದ್ರೂ ಅವಳೇ ಎಲಿಮಿನೇಟ್ ಆದಳು. ಅಂಕಕ್ಕೆ ಅರ್ಧ, ವೋಟಿಗೆ ಅರ್ಧ ಅಂತ ಹೇಳಿದ್ರಲ್ಲ, ಹಾಗಿದ್ರೆ ಇದು ಮೊದಲೇ ಫಿಕ್ಸ್ ತಾನೇ?’
– ಓದುಗರೊಬ್ಬರು, ದಾವಣಗೆರೆ

ಫಿಕ್ಸ್ ಇರಲೇಬೇಕೆಂದಿಲ್ಲ. ಯಾರೂ ಕೈ ಹಾಕದೆ, ಬರೀ ಕೂಡುವ ಲೆಕ್ಕದಿಂದಲೇ ಹೀಗಾಗುತ್ತದೆ. ‘ಅರ್ಧ ಅರ್ಧ’ ಎಂಬ ಮಾತಿನಲ್ಲೇ ಮರ್ಮ ಇದೆ. ಒಂದು ಕಾಲ್ಪನಿಕ ವಾರವನ್ನು ಪೆನ್ನು ಹಿಡಿದು ನೋಡೋಣ.

ನಾಲ್ವರು ಉಳಿದಿದ್ದಾರೆ ಅನ್ನಿ: ದಾವಣಗೆರೆ, ಹುಬ್ಬಳ್ಳಿ, ಮೈಸೂರು, ಮಂಗಳೂರಿನವರು. ಮೂವರು ತೀರ್ಪುಗಾರರು, ತಲಾ ಹತ್ತು ಅಂಕ, ಒಟ್ಟು 30. ದಾವಣಗೆರೆಗೆ 29, ಹುಬ್ಬಳ್ಳಿಗೆ 28, ಮೈಸೂರಿಗೆ 27, ಮಂಗಳೂರಿಗೆ 26 ಬಂತು. ಟೀವಿಯಲ್ಲಿ ಅಂಕಗಳು ಬರುವುದೇ ಹೀಗೆ, ಒಂದಕ್ಕೊಂದು ಅಂಟಿಕೊಂಡು. ಕ್ಯಾಮೆರಾ ಮುಂದೆ ಯಾರಿಗೂ ನಾಲ್ಕು, ಐದು ಕೊಡಲು ಮನಸ್ಸು ಬರುವುದಿಲ್ಲ. ಇನ್ನು ಒಂದು ಲಕ್ಷ ವೋಟು ಬಿದ್ದವು: ದಾವಣಗೆರೆಗೆ 15 ಸಾವಿರ, ಹುಬ್ಬಳ್ಳಿಗೆ 25, ಮೈಸೂರಿಗೆ 20, ಮಂಗಳೂರಿಗೆ 40 ಸಾವಿರ.

ಈಗ ಶೇಕಡಾ ಲೆಕ್ಕ. ನಾಲ್ವರ ಅಂಕ ಕೂಡಿದರೆ 110. ಅದರಲ್ಲಿ ದಾವಣಗೆರೆಯ ಪಾಲು ಶೇ 26.4, ಕೊನೆಯ ಮಂಗಳೂರಿನ ಪಾಲು ಶೇ 23.6. ಮೊದಲಿನವಳಿಗೂ ಕೊನೆಯವನಿಗೂ ಮೂರು ಪಾಯಿಂಟ್ ಅಂತರವೂ ಇಲ್ಲ. ವೋಟಿನಲ್ಲಿ ಅದೇ ಇಬ್ಬರ ನಡುವೆ 25 ಪಾಯಿಂಟ್ ಅಂತರ. ಎರಡನ್ನೂ ಕೂಡಿಸಿ: ದಾವಣಗೆರೆ 41.4, ಮೈಸೂರು 44.5, ಹುಬ್ಬಳ್ಳಿ 50.5, ಮಂಗಳೂರು 63.6. ಅಂಕದಲ್ಲಿ ಮೊದಲು ಬಂದವಳು ಮನೆಗೆ, ಕೊನೆಗೆ ಬಂದವನು ಪಟ್ಟಿಯ ತುದಿಗೆ. ಗಮನಿಸಿ, ಕೊನೆಯ ಪಟ್ಟಿ ವೋಟಿನ ಪಟ್ಟಿಯ ಪಡಿಯಚ್ಚು. ಅಂಕಕ್ಕೆ ಅರ್ಧ ತೂಕ ಕೊಟ್ಟಿದ್ದರೂ ಅದು ಯಾರನ್ನೂ ಮೇಲೆ ಕೆಳಗೆ ಮಾಡಲಿಲ್ಲ. ತೂಕ ಇರುವುದು ಘೋಷಿಸಿದ ಶೇಕಡಾದಲ್ಲಲ್ಲ, ಅಂತರದಲ್ಲಿ. ಬಿಗಿಮುಷ್ಟಿಯ ತೀರ್ಪುಗಾರನನ್ನು ಜನ ಬೈಯುತ್ತಾರೆ, ಆದರೆ ಈ ಲೆಕ್ಕದಲ್ಲಿ ಅಂಕಕ್ಕೆ ಬೆಲೆ ತರುವವನು ಅವನೊಬ್ಬನೇ.

ಇನ್ನೊಂದು ಪದ್ಧತಿ ಸ್ಥಾನದ ಲೆಕ್ಕ. ಇದರಲ್ಲಿ ಎಷ್ಟು ಅಂತರದಿಂದ ಗೆದ್ದರೆಂದು ಕೇಳುವುದಿಲ್ಲ. ಮೊದಲಿಗೆ 4, ಎರಡನೆಯವರಿಗೆ 3, ಹೀಗೆ ಇಳಿಯುತ್ತದೆ. ಅದೇ ಅಂಕ, ಅದೇ ವೋಟು ಇಟ್ಟುಕೊಂಡು ಮಾಡಿ. ದಾವಣಗೆರೆಗೆ ಅಂಕದಿಂದ 4, ವೋಟಿನಿಂದ 1, ಒಟ್ಟು 5. ಹುಬ್ಬಳ್ಳಿಗೆ 3 ಮತ್ತು 3, ಒಟ್ಟು 6. ಮಂಗಳೂರಿಗೆ 1 ಮತ್ತು 4, ಒಟ್ಟು 5. ಮೈಸೂರಿಗೆ 2 ಮತ್ತು 2, ಒಟ್ಟು 4. ಮನೆಗೆ ಹೋಗುವವರು ಮೈಸೂರಿನವರು! ಹಾಡು ಬದಲಾಗಲಿಲ್ಲ, ವೋಟು ಬದಲಾಗಲಿಲ್ಲ, ಬದಲಾದದ್ದು ಕೂಡುವ ರೀತಿ ಮಾತ್ರ.

ಹಾಗಾದರೆ ಸ್ಥಾನದ ಲೆಕ್ಕವೇ ನ್ಯಾಯ ಅನ್ನುತ್ತೀರೋ ಏನೋ. ಅದಕ್ಕೂ ಒಂದು ಮುಳ್ಳು ಇದೆ: ಇಬ್ಬರಿಗೆ ಸಮ ಅಂಕ ಬಂದರೆ ಏನು ಮಾಡಬೇಕು? 2008ರ ಡಿಸೆಂಬರ್‌ನಲ್ಲಿ ಬಿಬಿಸಿಯ ‘ಸ್ಟ್ರಿಕ್ಟ್ಲಿ ಕಮ್ ಡಾನ್ಸಿಂಗ್’ ನೃತ್ಯ ಸ್ಪರ್ಧೆಯ ಸೆಮಿಫೈನಲ್ ಸಿಕ್ಕಿಬಿದ್ದದ್ದು ಇಲ್ಲೇ. ಉಳಿದಿದ್ದವು ಮೂರು ಜೋಡಿ. ಲೀಸಾ ಸ್ನೋಡನ್ ಮತ್ತು ರೇಚಲ್ ಸ್ಟೀವನ್ಸ್ ಇಬ್ಬರಿಗೂ ತೀರ್ಪುಗಾರರಿಂದ ಸಮಾನ ಅಂಕ ಬಂದು ಇಬ್ಬರೂ ಮೊದಲ ಸ್ಥಾನದಲ್ಲಿ ನಿಂತರು. ಇಬ್ಬರಿಗೂ 3 ಪಾಯಿಂಟ್ ಕೊಟ್ಟರು. ಮೂರನೆಯವರಾದ ಟಾಮ್ ಚೇಂಬರ್ಸ್‌ಗೆ ಕೊಟ್ಟದ್ದು 1.

ಈಗ ಟಾಮ್‌ಗೆ ಇಡೀ ದೇಶ ವೋಟು ಹಾಕಿದರೂ ಸಿಗುವುದು ಇನ್ನು 3, ಒಟ್ಟು 4. ವೋಟಿನಲ್ಲಿ ಎರಡನೆಯವರಾದವರಿಗೆ 3 ಮತ್ತು 2, ಅಂದರೆ 5. ಮೂರನೆಯವರಿಗೆ 3 ಮತ್ತು 1, ಅಂದರೆ 4. ಕೆಳಗಿನ ಎರಡು ಜೋಡಿಗಳು ಮತ್ತೆ ಕುಣಿದು ಅದರಲ್ಲೊಂದು ಹೊರಹೋಗಬೇಕೆಂಬುದು ನಿಯಮ. ಅಂದರೆ ಟಾಮ್ ಕೆಳಗಿನ ಎರಡರಲ್ಲಿ ಬರುವುದು ಗ್ಯಾರಂಟಿ. ಫೋನ್ ಮಾಡಿದವರ ವೋಟು ಅವರನ್ನು ಉಳಿಸುವ ದಾರಿಯೇ ಇರಲಿಲ್ಲ. ಇದು ಹೊಳೆದದ್ದು ಜನ ವೋಟು ಹಾಕಲು ಶುರುಮಾಡಿದ ಮೇಲೆ. ಆ ರಾತ್ರಿ ಯಾರನ್ನೂ ಹೊರಗೆ ಕಳಿಸಲಿಲ್ಲ, ಹಾಕಿದ ವೋಟುಗಳನ್ನು ಫೈನಲ್‌ಗೆ ಸೇರಿಸಿಕೊಂಡರು. ಮುಂದಿನ ವಾರ ಗೆದ್ದದ್ದು ಟಾಮ್ ಚೇಂಬರ್ಸ್ ಅವರೇ. ಸಮ ಬಂದಾಗ ಮುಂದಿನ ಸ್ಥಾನಕ್ಕೆ 1ರ ಬದಲು 2 ಕೊಟ್ಟಿದ್ದರೆ ಟಾಮ್‌ಗೆ 5ರವರೆಗೆ ದಾರಿ ಇರುತ್ತಿತ್ತು, ಈ ಫಜೀತಿ ಇರುತ್ತಿರಲಿಲ್ಲ. ಒಂದೇ ಒಂದು ಪಾಯಿಂಟ್!

ವೋಟು ಅಂಕವನ್ನು ನುಂಗದಂತೆ ನೋಡಿಕೊಳ್ಳಲು ಈಗ ಹಲವು ಷೋಗಳು ಹಿಡಿದಿರುವ ದಾರಿ ‘ಡೇಂಜರ್ ಜೋನ್’. ವೋಟು ಮತ್ತು ಅಂಕ ಸೇರಿ ಕೆಳಗಿನ ಇಬ್ಬರನ್ನು ಆರಿಸುತ್ತವೆ, ಅವರಲ್ಲೊಬ್ಬರನ್ನು ಉಳಿಸುವುದು ತೀರ್ಪುಗಾರರು. ಅಮೆರಿಕದ ‘ಡಾನ್ಸಿಂಗ್ ವಿತ್ ದ ಸ್ಟಾರ್ಸ್’ನಲ್ಲಿ 2018ರಲ್ಲಿ ರೇಡಿಯೊ ನಿರೂಪಕ ಬಾಬಿ ಬೋನ್ಸ್, ತೀರ್ಪುಗಾರರ ಅಂಕದಲ್ಲಿ ಹಿಂದಿದ್ದರೂ ವೋಟಿನ ಬಲದಿಂದ ಗೆದ್ದರು. ಮರುವರ್ಷವೇ ಈ ನಿಯಮ ಬಂತು. ಆದರೆ ಇದು ಕಾಯುವುದು ಚೆನ್ನಾಗಿ ಹಾಡಿಯೂ ಕುಣಿದೂ ಕೆಳಗೆ ಬಿದ್ದವರನ್ನು ಮಾತ್ರ. ವೋಟಿನಿಂದ ಮೇಲೆ ನಿಂತವರನ್ನು ಇಳಿಸಲು ಇದರಿಂದ ಆಗದು.

ನಿಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಮೊದಲು ನೋಡಬೇಕಾದದ್ದು ವೋಟು ಯಾವ ವಾರದ್ದು ಎಂಬುದನ್ನು. ಹಾಡಿದ ಸಂಚಿಕೆಯಲ್ಲೇ ಎಲಿಮಿನೇಷನ್ ಆಗಿ, ವೋಟಿಂಗ್ ಅದಕ್ಕೂ ಮೊದಲೇ ಮುಗಿದಿದ್ದರೆ, ಅವಳನ್ನು ಕಳಿಸಿದ್ದು ಹಿಂದಿನ ವಾರದ ವೋಟು. ನೀವು ಚಪ್ಪಾಳೆ ತಟ್ಟಿದ ಹಾಡಿಗೂ ಆ ವೋಟಿಗೂ ಸಂಬಂಧವೇ ಇಲ್ಲ. ಮುಂಚಿತವಾಗಿ ಚಿತ್ರೀಕರಿಸುವ ಷೋಗಳಲ್ಲಂತೂ ವಾರವಾರದ ವೋಟು ಹೊಂದಿಸುವುದೇ ಕಷ್ಟ. ಅಂಥ ಕಡೆ ಎಲಿಮಿನೇಷನ್ ತೀರ್ಪುಗಾರರ ಕೈಯಲ್ಲಿರುತ್ತದೆ, ಜನರ ವೋಟು ಫಿನಾಲೆಗೆ ಮಾತ್ರ.

ಎರಡನೆಯದು, ಅಂಕ ಹೆಚ್ಚು ಬಂದದ್ದೇ ವೋಟಿಗೆ ಮುಳುವಾಗಬಹುದು. ‘ಅವಳು ಹೇಗೂ ಸೇಫ್’ ಎಂದು ಅಭಿಮಾನಿಗಳು ಆ ವಾರ ಮೊಬೈಲ್ ಮುಟ್ಟುವುದಿಲ್ಲ. ಹೋದ ವಾರದ ವೋಟು ಈ ವಾರಕ್ಕೆ ಜಮೆ ಆಗುವ ಷೋ ಅಪರೂಪ, ಲೆಕ್ಕ ಮತ್ತೆ ಸೊನ್ನೆಯಿಂದಲೇ.

ಮೂರನೆಯದು ನಮ್ಮ ಭಾಗಕ್ಕೆ ತಟ್ಟುವಂಥದ್ದು. ಒಂದೇ ಸೀಸನ್‌ನಲ್ಲಿ ದಾವಣಗೆರೆಯವರೊಬ್ಬರು, ಚಿತ್ರದುರ್ಗದವರೊಬ್ಬರು ಇದ್ದರೆ ‘ನಮ್ಮ ಕಡೆಯವರು’ ಎಂಬ ವೋಟು ಇಬ್ಬರಿಗೂ ಹಂಚಿಹೋಗುತ್ತದೆ. ಜಗಳೂರು, ಹೊಳಲ್ಕೆರೆಯ ಮನೆಗಳಲ್ಲಿ ಅಣ್ಣನದು ಒಬ್ಬರಿಗೆ, ತಂಗಿಯದು ಇನ್ನೊಬ್ಬರಿಗೆ. ಇಬ್ಬರಲ್ಲಿ ಒಬ್ಬರು ಹೊರಬಿದ್ದ ಮರುವಾರ ಉಳಿದವರ ವೋಟು ಏಕಾಏಕಿ ಏರಿದರೆ ಹಂಚಿಕೆಯೇ ಕಾರಣ ಎನ್ನಬಹುದು. ಹೊರಬಿದ್ದವರಿಗೆ ಅದರಿಂದ ಪ್ರಯೋಜನವಿಲ್ಲ ಬಿಡಿ.

ಫ್ಲೆಕ್ಸ್ ಬಗ್ಗೆ ಒಂದು ಮಾತು. ಆ್ಯಪ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ಇಷ್ಟೇ ವೋಟು ಎಂಬ ಮಿತಿ ಇದ್ದರೆ, ಒಬ್ಬನೇ ರಾತ್ರಿಯೆಲ್ಲ ಕೂತು ಒತ್ತಿ ಫಲವಿಲ್ಲ. ಬೇಕಾಗುವುದು ಹೊಸ ಹೊಸ ನಂಬರುಗಳು. ಫ್ಲೆಕ್ಸಿನಲ್ಲಿ ಗಣ್ಯರ ಫೋಟೊ ದೊಡ್ಡದಾಗಿ, ವೋಟಿಂಗ್ ಮುಗಿಯುವ ಗಂಟೆ ಮೂಲೆಯಲ್ಲಿ ಸಣ್ಣದಾಗಿ ಇದ್ದರೆ ಅದು ಗಣ್ಯರ ಪ್ರಚಾರವೇ ಹೊರತು ಹುಡುಗಿಯದಲ್ಲ.

ಅನುಮಾನ ಇದ್ದೇ ಇದ್ದರೆ ಚಾನೆಲ್‌ಗೆ ‘ಫಿಕ್ಸಾ?’ ಎಂದು ಬರೆಯಬೇಡಿ, ‘ಇಲ್ಲ’ ಎಂಬ ಒಂದೇ ಪದ ವಾಪಸ್ ಬರುತ್ತದೆ. ಶೇಕಡಾ ಲೆಕ್ಕವೋ ಸ್ಥಾನದ ಲೆಕ್ಕವೋ, ಸಮ ಬಂದರೆ ಏನು ಮಾಡುತ್ತೀರಿ, ವೋಟಿಂಗ್ ಯಾವ ದಿನ ಎಷ್ಟು ಗಂಟೆಗೆ ಮುಚ್ಚಿತು, ಈ ಮೂರನ್ನು ಕೇಳಿ. ಉತ್ತರ ಬಂದರೆ ಅಂಕಪಟ್ಟಿಯ ಜೊತೆ ನಮಗೂ ಕಳಿಸಿ, ಒಟ್ಟಿಗೇ ಕೂಡಿಸಿ ನೋಡೋಣ.

– ಸಂಪಾದಕ