ಸೊಲ್ಲಾಪುರದ ಬಿಲ್ಲು, ಇಂಗ್ಲಿಷ್ ನೋಟಿಸು

ಕಲಬುರಗಿಯ ಅಂಗಡಿಯವರು ಇಂಗ್ಲಿಷ್‌ನಲ್ಲಿ ಬಂದ ಜಿಎಸ್‌ಟಿ ಶೋಕಾಸ್ ನೋಟಿಸಿಗೆ ಏನಂತ ಉತ್ತರ ಕೊಡ್ತಾರೆ ಎಂದು ಕೇಳಿದ್ದೀರಿ. ನಮ್ಮ ಕಡೆ ಎಷ್ಟೋ ಮಾಲು ಸೊಲ್ಲಾಪುರ, ಹೈದರಾಬಾದಿನಿಂದ ಬರುತ್ತದೆ. ರಾಜ್ಯ ದಾಟಿ ಬಂದ ಮಾಲಿನ ಬಿಲ್ಲಲ್ಲಿ ಐಜಿಎಸ್‌ಟಿ ಇರುತ್ತದೆ. ಅದನ್ನು ವ್ಯಾಪಾರಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ತಕರಾರು ಹುಟ್ಟೋದು ಈ ಇನ್‌ಪುಟ್ ಕ್ರೆಡಿಟ್ ಲೆಕ್ಕದಲ್ಲೇ.

ಪುಟಗಟ್ಟಲೆ ಇಂಗ್ಲಿಷ್ ನೋಡಿ ಗಾಬರಿ ಬೀಳಬೇಡಿ, ಅರ್ಧಕ್ಕರ್ಧ ಕಾಯ್ದೆಯ ಸಾಲುಗಳೇ. ಮೊದಲು ಸೆಕ್ಷನ್ ಹುಡುಕಿ. 73 ಅಂದರೆ ಲೆಕ್ಕ ತಪ್ಪಿದೆ ಅನ್ನುವ ಮಾತು. 74 ಅಂದರೆ ಬೇಕಂತಲೇ ಮುಚ್ಚಿಟ್ಟಿದ್ದೀರಿ ಅನ್ನುವ ಆರೋಪ, ದಂಡವೂ ಆ ತೆರಿಗೆಯ ಮೊತ್ತದಷ್ಟೇ ಬೀಳಬಹುದು. 74 ಹಾಕಿಯೂ ಏನು ಮುಚ್ಚಿಟ್ಟಿರಿ ಎಂದು ಹೇಳಿಲ್ಲದಿದ್ದರೆ, ಉತ್ತರ ಅಲ್ಲಿಂದಲೇ ಶುರುವಾಗಬೇಕು. 2024-25ರ ಲೆಕ್ಕದಿಂದ ಎರಡಕ್ಕೂ ಸೇರಿ 74ಎ ಬಂದಿದೆ.

ಒಂದು ಪೇಂಟ್ ಅಂಗಡಿ ಅಂದುಕೊಳ್ಳಿ. 2022-23ರ ಲೆಕ್ಕಕ್ಕೆ 73ರಡಿ ನೋಟಿಸು. ಅಂಗಡಿಯವರೇ ಸಲ್ಲಿಸಿದ GSTR-3B ರಿಟರ್ನಿನಲ್ಲಿ ತೆಗೆದುಕೊಂಡ ಕ್ರೆಡಿಟ್ಟು, ಮಾರಿದವರು ತೋರಿಸಿದ ಬಿಲ್ಲುಗಳಿಂದ ಪೋರ್ಟಲ್ ತಯಾರಿಸುವ GSTR-2B ಪಟ್ಟಿಯಲ್ಲಿ ಕಾಣುವುದಕ್ಕಿಂತ 62,000 ರೂಪಾಯಿ ಜಾಸ್ತಿ, ಬಡ್ಡಿ ಮತ್ತು ದಂಡದ ಜೊತೆ ಯಾಕೆ ವಸೂಲಿ ಮಾಡಬಾರದು ಎಂಬುದೇ ಅದರ ಪ್ರಶ್ನೆ. ಮೊತ್ತ ಒಂದೇ, ಬಿಲ್ಲುಗಳ ವಿವರ ಇಲ್ಲ. ಆ ವಿವರ ತೆಗೆಯೋದು ಅಂಗಡಿಯವರ ಕೆಲಸ.

ಬಿಲ್ಲು ಬಿಡಿಸಿ ನೋಡಿದರೆ 54,000 ಸೊಲ್ಲಾಪುರದ್ದು. ಬಿಲ್ಲು ಮಾರ್ಚ್ 2023ರದು, ಮಾಲೂ ಮಾರ್ಚಲ್ಲೇ ಬಂದಿದೆ. ಆದರೆ ಮಾರಿದವರು ಅದನ್ನು ಏಪ್ರಿಲ್ ರಿಟರ್ನಿನಲ್ಲಿ ತೋರಿಸಿದ್ದಾರೆ. ಹೀಗಾಗಿ ಅದು ಮುಂದಿನ ವರ್ಷದ 2Bಗೆ ಹೋಗಿ ಕೂತಿದೆ. ಅಂಗಡಿಯವರು ಒಂದು ತಿಂಗಳು ಮುಂಚೆ ಕ್ರೆಡಿಟ್ ತಗೊಂಡದ್ದು ನಿಜ, ಅದನ್ನು ಒಪ್ಪಿಕೊಂಡೇ ಬರೆಯಬೇಕು. ಆದರೆ 2022-23ರ ಬಿಲ್ಲಿನ ಕ್ರೆಡಿಟ್ಟಿಗೆ 30 ನವೆಂಬರ್ 2023ರವರೆಗೆ ಗಡುವಿತ್ತು, ಅಷ್ಟರೊಳಗೇ ಅದು 2Bಯಲ್ಲಿ ಬಂದಿದೆ. ಜೊತೆಗೆ ಬಿಲ್ಲು, ಲಾರಿಯ ಬಿಲ್ಟಿ, ಬ್ಯಾಂಕಿನಲ್ಲಿ ಹಣ ಹೋದ ದಾಖಲೆ, ಏಪ್ರಿಲ್ 2B ಪುಟ ಲಗತ್ತಿಸಬೇಕು. ಅದೇ ಕ್ರೆಡಿಟ್ಟನ್ನು ಮುಂದೆ ಇನ್ನೊಮ್ಮೆ ತಗೊಂಡಿಲ್ಲ ಅನ್ನೋದನ್ನೂ ತೋರಿಸಬೇಕು. ಇದನ್ನು ಬಿಟ್ಟರೆ ಉತ್ತರ ಅರ್ಧದಲ್ಲೇ ನಿಲ್ಲುತ್ತದೆ.

ಉಳಿದ 8,000 ಒಂದೇ ಬಿಲ್ಲನ್ನು ಎರಡು ಸಲ ಹತ್ತಿಸಿದ್ದು. ವಾದ ಮಾಡಿ ಪ್ರಯೋಜನ ಇಲ್ಲ, ತಾವಾಗಿ ತೆರಿಗೆ ಕಟ್ಟುವ ಫಾರ್ಮ್ DRC-03ರಲ್ಲಿ ಕಟ್ಟಿ ಆ ರಸೀದಿಯನ್ನೂ ಉತ್ತರಕ್ಕೆ ಸೇರಿಸಬೇಕು. ಬಡ್ಡಿ ಶೇ. 18. ಆದರೆ ಖಾತೆಯಲ್ಲಿ ಕ್ರೆಡಿಟ್ ಬಾಕಿ ಯಾವಾಗಲೂ 8,000ಕ್ಕಿಂತ ಕೆಳಗೆ ಇಳಿದಿಲ್ಲದಿದ್ದರೆ ಅದನ್ನು ಬಳಸಿಲ್ಲ ಎಂದೇ ಲೆಕ್ಕ, ಬಡ್ಡಿ ಬೀಳಲ್ಲ. ಲೆಡ್ಜರ್ ಪುಟ ತೆಗೆದು ನೋಡಿಯೇ ಕಟ್ಟಿ.

ಉತ್ತರ ಹೋಗೋದು ಪೋರ್ಟಲ್‌ನ DRC-06ರಲ್ಲಿ. ಅಲ್ಲಿ ಖುದ್ದು ವಿಚಾರಣೆ ಬೇಕೇ ಅನ್ನುವ ಕಡೆ ಸುಮ್ನೆ ಬೇಡ ಅಂತ ಒತ್ತಬೇಡಿ. ಹತ್ತು ಸಾಲಲ್ಲಿ ಬರೆಯಲಾಗದ್ದನ್ನು ವಾಣಿಜ್ಯ ತೆರಿಗೆ ಅಧಿಕಾರಿಯ ಮುಂದೆ ಬಿಲ್ಟಿ ಹಿಡಿದು ಕನ್ನಡದಲ್ಲೇ ಹೇಳಬಹುದು, ಅಲ್ವಾ? ನೋಟಿಸು ಅಂಚೆಯಲ್ಲಿ ಬರುತ್ತದೆ ಎಂದು ಕಾಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಪೋರ್ಟಲ್‌ನ View Additional Notices/Orders ತೆರೆದು ನೋಡುವಷ್ಟರಲ್ಲಿ ಉತ್ತರದ ತಾರೀಖು ದಾಟಿರುತ್ತದೆ.