ಸಿಲ್ಲಿ ಮಿಸ್ಟೇಕ್ ಅಂತ ಬಿಟ್ಟ ಮೈನಸ್

ಪ್ರಿಪರೇಟರಿ ಪೇಪರ್ ಕೈಗೆ ಬಂದ ಕೂಡ್ಲೆ ಪ್ರತಿ ವರ್ಷ ಇದ ಮಾತು ಕೇಳ್ತೀನಿ, 'ಎಲ್ಲಾ ಬರ್ತೈತ್ರಿ ಮೇಡಂ, ಬರೇ ಸಿಲ್ಲಿ ಮಿಸ್ಟೇಕ್'. ಈ ಸಲ ಬಂದಾಕಿ ಬಾಗಲಕೋಟೆ ಕಡೆ ಹತ್ತನೇತ್ತ ಹುಡುಗಿ, ಹೆಸರು ಬ್ಯಾಡ. ಗಣಿತದಾಗ 80ಕ್ಕ 51. ಅಪ್ಪಾರು ಜೋಡಿ ಬಂದಿದ್ರು, 'ಇಕಿಗಿ ಲಕ್ಷ್ಯನ ಇಲ್ರಿ, ಸ್ವಲ್ಪ ಬುದ್ಧಿ ಹೇಳ್ರಿ' ಅಂದ್ರು.

ನಾ ಉತ್ತರ ಪತ್ರಿಕೆ ಮುಚ್ಚಿಟ್ಟು, ತಪ್ಪಾದ ಪ್ರಶ್ನೆ ಅಷ್ಟ ಬ್ಯಾರೆ ಹಾಳ್ಯಾಗ ಬರದು ಕೊಟ್ಟೆ, ಅವಸರ ಮಾಡಬ್ಯಾಡ ಅಂದೆ. ಸಿಲಿಂಡರ್ ಲೆಕ್ಕದಾಗ ಪರೀಕ್ಷೆ ದಿನ ವ್ಯಾಸಾನ ತ್ರಿಜ್ಯ ಅಂತ ಹಾಕಿದ್ಲು, ಈಗ ಯಾರೂ ಹೇಳದ ಅರ್ಧ ಮಾಡಿ ಹಾಕಿದ್ಲು. ಅದು ಖರೇನ ಕೈತಪ್ಪು, ಕೊಟ್ಟ ಅಳತಿ ಕೆಳಗ ಗೆರಿ ಎಳಿ ಅಂದು ಅಲ್ಲಿಗೇ ಬಿಟ್ಟೆ.

ಆದ್ರ 2x² − 7x + 3 = 0 ಮತ್ತ ತಪ್ಪಾತು. ಸೂತ್ರದಾಗ ವರ್ಗಮೂಲದ ಒಳಗ 25 ಸರಿ ಬಂತು, ಮ್ಯಾಲ ಮಾತ್ರ 7 ± 5 ಬರೆಯೋ ಕಡೆ −7 ± 5 ಬರದ್ಲು, ಉತ್ತರ −1/2, −3. x² + 5x + 6 = 0 ಕೊಟ್ರ ಒಂದೂ ತಪ್ಪಿಲ್ಲ. ಅಂದ್ರ b ಪ್ಲಸ್ ಇದ್ದಾಗ ಸರಿ, ಮೈನಸ್ ಇದ್ದಾಗ ಅಷ್ಟ ತಪ್ಪು, ಲಕ್ಷ್ಯ ಇಲ್ಲದ ಆಗೂ ತಪ್ಪು ಹಿಂಗ ಜಾಗ ನೋಡಿ ಬರೂದಿಲ್ಲ. 'ಇಲ್ಲಿ ಏನ್ ಮಾಡಿದ್ಯವ್ವಾ?' ಅಂತ ಕೇಳಿದೆ. ಆಕಿ ಹೇಳಿದ್ದು ಇನ್ನೂ ಕಿವ್ಯಾಗ ಐತಿ: 'ಸೂತ್ರದಾಗ ಮೈನಸ್ ಬಿ ಐತಲ್ರಿ ಮೇಡಂ, ಏಳಕ್ಕ ಮೈನಸ್ ಮೊದ್ಲ ಐತಿ, ಮತ್ತ್ಯಾಕ ಹಾಕಬೇಕು?'

ಆಕಿ ಲೆಕ್ಕದಾಗ b ಅಂದ್ರ ಬರೇ 7, ಮೈನಸ್ಸು ನಡುವಿನ ಗುರುತು. ಹಂಗಾರ ಇದು ಬ್ಯಾರೆ ಕಡೆನೂ ಇರಬೇಕು ಅಂತ ಪೇಪರ್ ತಿರುವಿದೆ. (2, −3), (5, 1) ನಡುವಿನ ದೂರ ಕೇಳಿದ್ರು, 1 − (−3) ಬರೆಯೋ ಕಡೆ 1 − 3 ಬರದು √13 ತಂದಿದ್ಲು, ಬರಬೇಕಾದ್ದು 5. ಎರಡು ಪಾಠ, ತಪ್ಪಿನ ಬೇರು ಒಂದ. ಎರಡೂ ಕಡೆ ಮನ್ಯಾಗ 'ಸಿಲ್ಲಿ' ಅಂತ ಪೆನ್ಸಿಲ್‌ಲೆ ಬರದಿದ್ರು.

ಎರಡು ದಿನ ಹೊಸ ಪೇಪರ್ ಬಿಡಿಸೂದು ಬ್ಯಾಡ ಅಂದೆ. ಸೂತ್ರಕ್ಕ ಹಾಕೂಕಿಂತ ಮೊದ್ಲ a = 2, b = −7, c = 3 ಅಂತ ಚಿಹ್ನೆ ಸಮೇತ ಬರಿ, ಹಾಕುವಾಗ ಕಂಸ ಹಾಕು, −(−7), ಬಂದ ಉತ್ತರ ತಿರುಗಿ ಸಮೀಕರಣದಾಗ ಇಟ್ಟು ನೋಡು. ಅಪ್ಪಾರು ಸಿಟ್ಟಾದ್ರು, 'ಪರೀಕ್ಷೆ ಮುಂದ ಐತಿ, ಇದು ಏಳನೇತ್ತದ್ದಲ್ರಿ!' ಹೌದು, ಏಳನೇತ್ತದ್ದ, ಅಲ್ಲೇ ಬಿಟ್ಟಿತ್ತು. ಇನ್ನ 20 ಪೇಪರ್ ಬಿಡಿಸಿದ್ರ ಆ ತಪ್ಪನ್ನ 20 ಸಲ ರೂಢಿ ಮಾಡ್ತಿದ್ಲು, ಅದಕ್ಕ ನಾ ಹಿಂದ ಸರೀಲಿಲ್ಲ.

ಒಂದು ಎಚ್ಚರ. ಸರ್ ಬೋರ್ಡ್ ಮ್ಯಾಲ ಬಿಡಿಸಿದ ದಿನಾನ ತಪ್ಪಾದ ಲೆಕ್ಕ ಹಿಂಗ ಮತ್ತ ಮಾಡಿಸಿ ನೋಡಬ್ಯಾಡ್ರಿ, ಕಣ್ಣಾಗ ಉತ್ತರ ಇರ್ತೈತಿ, ಎಲ್ಲಾ ಕೈತಪ್ಪು ಅಂತನ ಕಾಣ್ತಾವು. ನಾಕು ದಿನ ಬಿಟ್ಟು, ಅಂಕಿ ಬದಲಿ ಮಾಡಿ ಕೊಡ್ರಿ.

ಮೂರನೇ ದಿನ ಹುಡುಗಿ ತಾನ −3 ಇಟ್ಟು ನೋಡಿದ್ಲು, 18 + 21 + 3, ಸೊನ್ನಿ ಬರ್ಲಿಲ್ಲ. ಆಮ್ಯಾಲ 3 ಇಟ್ಲು, 18 − 21 + 3. ಪೆನ್ ಕೆಳಗಿಟ್ಟು 'ಬಂತ್ರಿ ಮೇಡಂ' ಅಂದ್ಲು.